ಗಂಟೆಗೆ ಒಂದು ಲೆಕ್ಕ, ನಿಮಿಷಕ್ಕೆ ಇನ್ನೊಂದು

ಸೋಲ್ ನಗರದ ಸಂತೆಯಲ್ಲಿ ಸೇಬು ಮಾರುವವರು 'ಸೆ ಗೆಎ ಓಛೊನ್ ವೊನ್' ಎಂದು ಕೂಗುತ್ತಾರೆ. ಮೂರಕ್ಕೆ ಐದು ಸಾವಿರ ವೊನ್ ಎಂದರ್ಥ. ಕೂಗು ಚಿಕ್ಕದು, ಆದರೆ ಅದರಲ್ಲಿ ಎರಡು ಬೇರೆ ಬೇರೆ ಸಂಖ್ಯಾಸಾಲುಗಳು ಸೇರಿಕೊಂಡಿವೆ. 'ಸೆ' ಎಂಬ ಮೂರು ಕೊರಿಯನ್ನರ ಸ್ವಂತದ್ದು. 'ಓಛೊನ್' ಎಂಬ ಐದು ಸಾವಿರ ಚೀನಾದಿಂದ ಬಂದದ್ದು. ಅದಲುಬದಲು ಮಾಡುವಂತಿಲ್ಲ. ಸೇಬಿಗೆ ಚೀನೀ ಮೂಲದ 'ಸಾಮ್' ಬಳಸಿ 'ಸಾಮ್ ಗೆ' ಎಂದರೆ ವ್ಯಾಪಾರಿಗೆ ಅರ್ಥವಾಗುತ್ತದೆ, ಆದರೆ ಹೇಳಿದವರು ಭಾಷೆ ಕಲಿಯಲು ಈಗಷ್ಟೇ ಹೊರಟವರೆಂಬುದೂ ಅಷ್ಟೇ ಬೇಗ ಗೊತ್ತಾಗುತ್ತದೆ.

ಕೊರಿಯನ್ ಧಾರಾವಾಹಿಗಳ ರುಚಿ ಹತ್ತಿ ಆ ಭಾಷೆಯ ಪುಸ್ತಕ ಹಿಡಿದವರು ಲಿಪಿಯನ್ನು ಕೆಲವೇ ದಿನಗಳಲ್ಲಿ ಕಲಿತುಬಿಡುತ್ತಾರೆ. ಅವರು ಮೊದಲು ಎಡವುವುದು ಅಂಕಿಗಳ ಅಭ್ಯಾಸದಲ್ಲಿ. ಸಮಯ ಹೇಳಿ, ವಯಸ್ಸು ಹೇಳಿ, ಬೆಲೆ ಹೇಳಿ, ಚಿತ್ರದಲ್ಲಿರುವ ವಸ್ತುಗಳನ್ನು ಎಣಿಸಿ ಎಂಬ ನಾಲ್ಕು ಬಗೆಯ ಪ್ರಶ್ನೆಗಳು ಪ್ರತಿ ಆರಂಭಿಕ ಪುಸ್ತಕದಲ್ಲೂ ಇರುತ್ತವೆ. ಹಾಳೆಯ ಮೇಲೆ '3' ಎಂಬ ಅಂಕಿ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ಅದನ್ನು ಬಾಯಲ್ಲಿ 'ಸೆ' ಎನ್ನಬೇಕೋ 'ಸಾಮ್' ಎನ್ನಬೇಕೋ ಎಂಬುದನ್ನು ಮುಂದಿನ ಪದ ನೋಡಿ ತೀರ್ಮಾನಿಸಬೇಕು.

ಎರಡು ಸಾಲುಗಳು

ಸ್ವಂತ ಸಾಲು ಹೀಗಿದೆ: ಹಾನಾ, ದುಲ್, ಸೆತ್, ನೆತ್, ದಾಸೊತ್, ಯೊಸೊತ್, ಇಲ್ಗೋಪ್, ಯೊದೊಲ್, ಆಹೋಪ್, ಯೊಲ್. ಚೀನೀ ಮೂಲದ ಸಾಲು ಹೀಗೆ: ಇಲ್, ಇ, ಸಾಮ್, ಸಾ, ಓ, ಯುಕ್, ಛಿಲ್, ಫಾಲ್, ಗು, ಶಿಪ್. ಕೊರಿಯನ್‌ನ ಕೆಲವು ಸ್ವರಗಳು ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಬರೆದಿರುವುದು ಹತ್ತಿರದ ಉಚ್ಚಾರ.

ಹತ್ತು ದಾಟಿದ ಮೇಲೆ ಚೀನೀ ಸಾಲು ಬಹಳ ಸಲೀಸು. ಇಪ್ಪತ್ತು ಎಂದರೆ 'ಇ-ಶಿಪ್', ಎರಡು ಹತ್ತು. ಮೂವತ್ತು 'ಸಾಮ್-ಶಿಪ್'. ನೂರಕ್ಕೆ 'ಬೆಕ್', ಸಾವಿರಕ್ಕೆ 'ಛೊನ್', ಹತ್ತು ಸಾವಿರಕ್ಕೆ 'ಮಾನ್'. ಈ ಹದಿಮೂರು ಪದ ಗೊತ್ತಿದ್ದರೆ ಹತ್ತು ಕೋಟಿಯ ಹತ್ತಿರದವರೆಗೆ ಯಾವ ಸಂಖ್ಯೆಯನ್ನಾದರೂ ಕಟ್ಟಬಹುದು.

ಸ್ವಂತ ಸಾಲು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕನ್ನಡದ ಮೂವತ್ತು, ನಲವತ್ತು, ಐವತ್ತುಗಳಲ್ಲಿ ಮೂರು, ನಾಲ್ಕು, ಐದರ ಗುರುತು ಇನ್ನೂ ಉಳಿದಿದೆ. ಕೊರಿಯನ್‌ನಲ್ಲಿ ನಾಲ್ಕು 'ನೆತ್', ನಲವತ್ತು 'ಮಾಹುನ್'. ಐದು 'ದಾಸೊತ್', ಐವತ್ತು 'ಶ್ವಿನ್'. ಇಪ್ಪತ್ತು 'ಸುಮುಲ್', ಮೂವತ್ತು 'ಸೊರುನ್', ಅರವತ್ತು 'ಯೆಸುನ್', ಎಪ್ಪತ್ತು 'ಇಲ್ಹುನ್', ಎಂಬತ್ತು 'ಯೊದುನ್', ತೊಂಬತ್ತು 'ಆಹುನ್'. ಎಂಟೂ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು. ತೊಂಬತ್ತೊಂಬತ್ತಕ್ಕೆ ಈ ಸಾಲು ಮುಗಿದೇಹೋಗುತ್ತದೆ. ನೂರಕ್ಕೆ 'ಓನ್', ಸಾವಿರಕ್ಕೆ 'ಜುಮುನ್' ಎಂಬ ಸ್ವಂತ ಪದಗಳು ಹಿಂದೆ ಇದ್ದವು. ಚೀನೀ ಪದಗಳು ಬಂದು ಕೂತ ಮೇಲೆ ಅವು ಎಣಿಕೆಯಿಂದ ಮರೆಯಾದವು. ಕನ್ನಡ ತನ್ನ 'ನೂರು' ಉಳಿಸಿಕೊಂಡು ಸಾವಿರ, ಲಕ್ಷ, ಕೋಟಿಗಳನ್ನು ಸಂಸ್ಕೃತದ ಕಡೆಯಿಂದ ಪಡೆದದ್ದನ್ನು ನೆನೆದರೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಎರಡು ಸಾಲಿನ ರೂಢಿಯೂ ಕನ್ನಡಿಗರಿಗೆ ಪೂರ್ತಿ ಹೊಸದಲ್ಲ. ಒಂದು, ಎರಡು ಎಂದು ಎಣಿಸುವವರೇ ದ್ವಿತೀಯ ಪಿಯುಸಿ, ತ್ರಿಕೋನ, ಷಟ್ಪದಿ, ಏಕಾದಶಿ ಎನ್ನುತ್ತಾರೆ. ಆದರೆ ಕನ್ನಡದಲ್ಲಿ ಸಂಸ್ಕೃತದ ಅಂಕಿಗಳು ಸಮಾಸದೊಳಗೇ ಉಳಿದಿವೆ. ಬಸ್ ನಂಬರನ್ನೋ ತರಕಾರಿ ಬೆಲೆಯನ್ನೋ ಅವುಗಳಲ್ಲಿ ಯಾರೂ ಹೇಳುವುದಿಲ್ಲ. ಕೊರಿಯಾದಲ್ಲಿ ಎರಡು ಸಾಲುಗಳೂ ದಿನವಿಡೀ, ಎಷ್ಟೋ ಸಲ ಒಂದೇ ವಾಕ್ಯದಲ್ಲಿ, ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತವೆ.

ತೀರ್ಮಾನ ಮಾಡುವುದು ಬಾಲದ ಪದ

ಕೊರಿಯನ್‌ನಲ್ಲಿ ಸಂಖ್ಯೆ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆಯೇ ಏನನ್ನು ಎಣಿಸುತ್ತಿದ್ದೇವೆ ಎಂದು ಹೇಳುವ ಒಂದು ಪದ ಅಂಟಿಕೊಳ್ಳುತ್ತದೆ. ಜನರಿಗೆ 'ಮ್ಯೊಂಗ್', ಪ್ರಾಣಿಗಳಿಗೆ 'ಮಾರಿ', ಪುಸ್ತಕಕ್ಕೆ 'ಗ್ವೊನ್', ಲೋಟ ಅಥವಾ ಕಪ್ಪಿಗೆ 'ಜಾನ್', ಬಾಟಲಿಗೆ 'ಬ್ಯೊಂಗ್', ಕಾಗದದ ಹಾಳೆಗೆ 'ಜಾಂಗ್', ಕಾರು ಮತ್ತು ಯಂತ್ರಗಳಿಗೆ 'ದೆ', ಬಿಡಿ ವಸ್ತುಗಳಿಗೆ 'ಗೆ'. ಇವೆಲ್ಲ ಸ್ವಂತ ಸಾಲನ್ನು ಕೇಳುತ್ತವೆ. ಹಾಗೆ ಕೇಳುವಾಗ ಮೊದಲ ನಾಲ್ಕು ಅಂಕಿಗಳೂ ಇಪ್ಪತ್ತೂ ಸ್ವಲ್ಪ ಸವೆಯುತ್ತವೆ: ಹಾನಾ, ದುಲ್, ಸೆತ್, ನೆತ್ ಹೋಗಿ ಹಾನ್, ದು, ಸೆ, ನೆ ಆಗುತ್ತವೆ, ಸುಮುಲ್ 'ಸುಮು' ಆಗುತ್ತದೆ. ಎರಡು ಪುಸ್ತಕ 'ದು ಗ್ವೊನ್', ನಾಲ್ಕು ನಾಯಿ 'ನೆ ಮಾರಿ'. ಫೋಟೋ ತೆಗೆಯುವವರು 'ಹಾನಾ, ದುಲ್, ಸೆತ್' ಎಂದು ಪೂರ್ತಿ ರೂಪ ಹೇಳುವುದು ಅಲ್ಲಿ ಹಿಂದೆ ಯಾವ ಪದವೂ ಇಲ್ಲದಿರುವುದರಿಂದ.

ಹಣದ 'ವೊನ್', ನಿಮಿಷದ 'ಬುನ್', ಮಹಡಿಯ 'ಛುಂಗ್', ವರ್ಷದ 'ನ್ಯೊನ್', ತಿಂಗಳ ಹೆಸರಿನ 'ವೊಲ್', ಕಿಲೋ ಮತ್ತು ಮೀಟರುಗಳು ಚೀನೀ ಸಾಲಿನ ಕಡೆಗೆ ಸೇರಿವೆ.

ಬಾಲದ ಪದ ಚೀನೀ ಮೂಲದ್ದಾದರೆ ಅಂಕಿಯೂ ಚೀನೀ ಮೂಲದ್ದೇ ಇರಬೇಕು ಎಂಬ ಸೂತ್ರವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬಹುಬೇಗ ಕೈಕೊಡುತ್ತದೆ. ಮ್ಯೊಂಗ್, ಗ್ವೊನ್, ಜಾನ್, ಬ್ಯೊಂಗ್ ನಾಲ್ಕೂ ಚೀನಾದಿಂದಲೇ ಬಂದವು. ಆದರೂ ಸ್ವಂತ ಅಂಕಿಯನ್ನೇ ಕೇಳುತ್ತವೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಪ್ರಶ್ನೆ: ಕಣ್ಣೆದುರಿಗಿರುವುದನ್ನು ಎಷ್ಟಿದೆ ಎಂದು ಎಣಿಸುತ್ತಿದ್ದೇವೋ, ಇಲ್ಲವೆ ಬರೆದಿರುವ ನಂಬರನ್ನು ಓದುತ್ತಿದ್ದೇವೋ, ಅಳೆಯುತ್ತಿದ್ದೇವೋ? ಎಣಿಕೆಗೆ ಸ್ವಂತ ಸಾಲು. ಓದಿಗೆ ಮತ್ತು ಅಳತೆಗೆ ಚೀನೀ ಸಾಲು.

'ಬೊನ್' ಎಂಬ ಪದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 'ದು ಬೊನ್' ಎಂದರೆ ಎರಡು ಸಲ. 'ಇ ಬೊನ್' ಎಂದರೆ ಎರಡನೆಯ ನಂಬರು. ಮೆಟ್ರೋ ನಿಲ್ದಾಣದಲ್ಲಿ 'ಇ ಬೊನ್' ದ್ವಾರದ ಬಳಿ ಸಿಗುತ್ತೇನೆ ಎಂದವರು ಎರಡು ಸಲ ಸಿಗುವ ಮಾತಾಡುತ್ತಿಲ್ಲ. 'ಬುನ್' ಇನ್ನೂ ಚೇಷ್ಟೆಯದು. 'ಸಾಮ್ ಬುನ್' ಮೂರು ನಿಮಿಷ. 'ಸೆ ಬುನ್' ಮೂರು ಜನ, ಅದೂ ಗೌರವದಿಂದ. ಹೋಟೆಲಿನ ಬಾಗಿಲಲ್ಲಿ ಮಾಣಿ 'ಸೆ ಬುನಿಸೆಯೋ?' ಎಂದರೆ 'ಮೂವರಾ ಬಂದಿರೋದು?' ಎಂದು ಕೇಳುತ್ತಿದ್ದಾನೆ. ಅದಕ್ಕೆ ಅತಿಥಿ 'ಸೆ ಮ್ಯೊಂಗಿಯೋ' ಎಂದು ಉತ್ತರಿಸಬೇಕು. ತನ್ನ ಗುಂಪಿಗೆ ತಾನೇ 'ಬುನ್' ಎಂಬ ಗೌರವ ಕೊಟ್ಟುಕೊಳ್ಳುವುದು ಅಲ್ಲಿನ ರೀತಿಯಲ್ಲ.

ಗಡಿಯಾರದ ಇಬ್ಬಗೆ

ಸಮಯ ಹೇಳುವಾಗ ಗಂಟೆಗೆ ಸ್ವಂತ ಸಾಲು, ನಿಮಿಷಕ್ಕೆ ಮತ್ತು ಸೆಕೆಂಡಿಗೆ ಚೀನೀ ಸಾಲು. ಮೂರೂ ಕಾಲು 'ಸೆ ಶಿ ಶಿಬೋ ಬುನ್'. ಹತ್ತು ಗಂಟೆ ಹತ್ತು ನಿಮಿಷ ಎನ್ನುವಾಗ ಒಂದೇ ಹತ್ತು ಎರಡು ರೂಪ ತಾಳುತ್ತದೆ: 'ಯೊಲ್ ಶಿ ಶಿಪ್ ಬುನ್'. ಅರ್ಧ ಗಂಟೆಗೆ 'ಬಾನ್' ಎಂಬ ಪದವಿದೆ. ನಾಲ್ಕೂವರೆಗೆ 'ನೆ ಶಿ ಬಾನ್' ಎಂದರೆ ಸಾಕು.

ಇಲ್ಲಿ ಗಮನಿಸಬೇಕಾದದ್ದು, 'ಶಿ' ಮತ್ತು 'ಬುನ್' ಎರಡೂ ಚೀನೀ ಮೂಲದ ಪದಗಳೇ. ಗಂಟೆ ಹನ್ನೆರಡರೊಳಗೆ ಮುಗಿಯುವುದರಿಂದ ಸ್ವಂತ ಸಾಲಿನಲ್ಲಿ ಹೇಳಲು ಕಷ್ಟವಿಲ್ಲ. ಗಡಿಯಾರ ಇಪ್ಪತ್ನಾಲ್ಕು ಗಂಟೆಯದಾದ ಕೂಡಲೇ ಪದ್ಧತಿ ಬದಲಾಗುತ್ತದೆ. ಸೈನ್ಯದಲ್ಲಿ 18:30 ಅನ್ನು 'ಶಿಪ್ಫಾಲ್ ಶಿ ಸಾಮ್ಶಿಪ್ ಬುನ್' ಎಂದು ಪೂರ್ತಿ ಚೀನೀ ಸಾಲಿನಲ್ಲಿ ಓದುತ್ತಾರೆ. ಅದೇ ಸಮಯವನ್ನು ಮನೆಯಲ್ಲಿ 'ಯೊಸೊತ್ ಶಿ ಬಾನ್' ಎನ್ನುತ್ತಾರೆ.

ಅಭ್ಯಾಸಗಳಲ್ಲಿ ಹೆಚ್ಚು ತಪ್ಪಾಗುವ ಇನ್ನೊಂದು ಜಾಗ ಹೊತ್ತು ಮತ್ತು ಅವಧಿಯದು. 'ಸೆ ಶಿ' ಮೂರು ಗಂಟೆಯ ಹೊತ್ತು; 'ಸೆ ಶಿಗಾನ್' ಮೂರು ಗಂಟೆಯ ಅವಧಿ. ತಿಂಗಳಿನಲ್ಲಿ ಇದು ಇನ್ನಷ್ಟು ಕವಲೊಡೆಯುತ್ತದೆ. 'ಸಾಮ್ವೊಲ್' ಮಾರ್ಚ್ ತಿಂಗಳ ಹೆಸರು, 'ಸಾಮ್ ಗೆವೊಲ್' ಮೂರು ತಿಂಗಳ ಕಾಲ. ಅದೇ ಮೂರು ತಿಂಗಳಿಗೆ 'ದಾಲ್' ಎಂಬ ಸ್ವಂತ ಪದ ಬಳಸಿದರೆ 'ಸೊಕ್ ದಾಲ್' ಎಂಬ ಹಳೆಯ ರೂಪ ಬರುತ್ತದೆ. ಮಾತಿನಲ್ಲಿ 'ಸೆ ದಾಲ್' ಎನ್ನುವವರೂ ಇದ್ದಾರೆ.

ದಿನಗಳ ಲೆಕ್ಕದಲ್ಲಿ ಕೊರಿಯನ್ನರೇ ಎಡವಿದ್ದೂ ಉಂಟು. ಒಂದು ದಿನ, ಎರಡು ದಿನ, ಮೂರು ದಿನ, ನಾಲ್ಕು ದಿನಗಳಿಗೆ 'ಹಾರು, ಇಥುಲ್, ಸಾಹುಲ್, ನಾಹುಲ್' ಎಂಬ ಪ್ರತ್ಯೇಕ ಸ್ವಂತ ಪದಗಳಿವೆ. 2020ರಲ್ಲಿ ಆಗಸ್ಟ್ 15ರ ವಿಮೋಚನಾ ದಿನ ಶನಿವಾರ ಬಿತ್ತು. ಸರ್ಕಾರ 17ರ ಸೋಮವಾರವನ್ನೂ ರಜೆಯೆಂದು ಜುಲೈನಲ್ಲಿ ಘೋಷಿಸಿತು. ಪತ್ರಿಕೆಗಳು ಸಾಲಾಗಿ 'ಸಾಹುಲ್' ರಜೆ ಎಂದು ಬರೆದವು. ಶನಿ, ಭಾನು, ಸೋಮ ಸೇರಿ ಮೂರು ದಿನ, ಲೆಕ್ಕ ಸರಿಯಿದೆ. ಆದರೆ ಚೀನೀ ಸಾಲಿನಲ್ಲಿ 'ಸಾ' ಎಂದರೆ ನಾಲ್ಕು. ಮೂರು ದಿನದ ರಜೆಗೆ ನಾಲ್ಕು ದಿನ ಎಂದೇಕೆ ಬರೆದಿದ್ದಾರೆ ಎಂದು ಓದುಗರು ಪ್ರಶ್ನಿಸತೊಡಗಿದರು. ಅಂದು ಅಂತರ್ಜಾಲದಲ್ಲಿ ಅತಿ ಹೆಚ್ಚು ಹುಡುಕಲಾದ ಪದಗಳ ಪಟ್ಟಿಯಲ್ಲಿ 'ಸಾಹುಲ್' ಮೇಲಕ್ಕೇರಿತು. ಒಂದು ಸಾಲಿನ ಉಚ್ಚಾರವನ್ನು ಇನ್ನೊಂದು ಸಾಲಿನ ಕಿವಿಯಲ್ಲಿ ಕೇಳಿದರೆ ಆಗುವ ಎಡವಟ್ಟು ಇದು.

ವಯಸ್ಸು

ವಯಸ್ಸಿನ ಮಾಮೂಲಿ ಪದ 'ಸಾಲ್', ಅದು ಸ್ವಂತ ಸಾಲಿನದು. ಇಪ್ಪತ್ತು ವರ್ಷ 'ಸುಮು ಸಾಲ್'. ಇಪ್ಪತ್ತೇಳು 'ಸುಮುಲ್-ಇಲ್ಗೋಪ್ ಸಾಲ್'. ಸವೆದ 'ಸುಮು' ಬರೀ ಇಪ್ಪತ್ತಕ್ಕೆ ಮಾತ್ರ; ಇಪ್ಪತ್ತೊಂದಕ್ಕೆ ಬಂದರೆ ಮತ್ತೆ 'ಸುಮುಲ್' ಪೂರ್ತಿ ನಿಂತು 'ಸುಮುಲ್-ಹಾನ್ ಸಾಲ್' ಆಗುತ್ತದೆ. ಕಷ್ಟದ ಹತ್ತುಗಳನ್ನೆಲ್ಲ ಕಲಿಯಲೇಬೇಕಾಗುವುದು ಈ ಪಾಠಕ್ಕಾಗಿ, ಏಕೆಂದರೆ ನಲವತ್ತಮೂರು ಬಾಟಲಿ ಎಣಿಸುವ ಸಂದರ್ಭ ದಿನವೂ ಬರುವುದಿಲ್ಲ, ನಲವತ್ತಮೂರು ವಯಸ್ಸಿನವರು ದಿನವೂ ಸಿಗುತ್ತಾರೆ. ವಸ್ತು, ಜನರ ವಿಷಯದಲ್ಲಿ ಸಂಖ್ಯೆ ಇಪ್ಪತ್ತು ದಾಟಿದರೆ ಚೀನೀ ಸಾಲಿಗೆ ಜಾರಿಕೊಳ್ಳಬಹುದು. ಇಪ್ಪತ್ತೈದು ಜನರನ್ನು 'ಸುಮುಲ್-ದಾಸೊತ್ ಮ್ಯೊಂಗ್' ಎಂದರೂ ನಡೆಯುತ್ತದೆ, 'ಇಶಿಬೋ ಮ್ಯೊಂಗ್' ಎಂದರೂ ನಡೆಯುತ್ತದೆ. 'ಸಾಲ್' ಅಂಥ ರಿಯಾಯಿತಿ ಕೊಡುವುದಿಲ್ಲ. ನೂರು ಮುಟ್ಟಿದ ಮೇಲೆ ಮಾತ್ರ 'ಬೆಕ್ ಸಾಲ್'. ನೂರಾಒಂದು 'ಬೆಕ್-ಹಾನ್ ಸಾಲ್': ಮುಂದಿನ ನೂರು ಚೀನೀ, ಹಿಂದಿನ ಒಂದು ಸ್ವಂತ.

ಅರ್ಜಿ, ಸುದ್ದಿ, ನ್ಯಾಯಾಲಯದ ಕಾಗದಗಳಲ್ಲಿ ವಯಸ್ಸಿಗೆ 'ಸೆ' ಎಂಬ ಚೀನೀ ಪದ ಬರುತ್ತದೆ. ಆಗ ಅಂಕಿಯೂ ಬದಲಾಗಿ ಇಪ್ಪತ್ತೇಳು 'ಇಶಿಪ್ಛಿಲ್ ಸೆ' ಆಗುತ್ತದೆ. ಹಿರಿಯರನ್ನು ಎದುರಿಗೆ 'ಎಷ್ಟು ಸಾಲ್?' ಎಂದು ಕೇಳುವುದು ಒರಟು. ಅವರಿಗೆ 'ಯೊನ್ಸೆ' ಎಂಬ ಗೌರವದ ಪದವಿದೆ.

ಎಷ್ಟು ವಯಸ್ಸು ಎಂಬ ಲೆಕ್ಕವೇ 2023ರವರೆಗೆ ಅಲ್ಲಿ ಗೊಂದಲದಲ್ಲಿತ್ತು. ಸಾಂಪ್ರದಾಯಿಕ ಲೆಕ್ಕದಲ್ಲಿ ಮಗು ಹುಟ್ಟಿದಾಗಲೇ ಅದಕ್ಕೆ ಒಂದು ವಯಸ್ಸು. ಜನವರಿ 1ಕ್ಕೆ ಎಲ್ಲರಿಗೂ ಒಂದೊಂದು ಸೇರುತ್ತಿತ್ತು. ಡಿಸೆಂಬರ್ 31ರಂದು ಹುಟ್ಟಿದ ಕೂಸು ಮಾರನೆಯ ಬೆಳಿಗ್ಗೆ 'ದು ಸಾಲ್'. 2023ರ ಜೂನ್ 28ರಿಂದ ಹುಟ್ಟುಹಬ್ಬದ ಲೆಕ್ಕವೇ ಕಾನೂನಿನ ಮಟ್ಟಿಗೆ ಸಾಮಾನ್ಯ ನಿಯಮವಾಯಿತು. ಹಳೆಯ ಪುಸ್ತಕಗಳ ಅಭ್ಯಾಸದಲ್ಲಿ ಉತ್ತರ ಒಂದೋ ಎರಡೋ ಹೆಚ್ಚು ಕಂಡರೆ ಕಾರಣ ಇದು.

ಬೆಲೆ: ಕಣ್ಣಿಗೆ ಮೂರು, ಬಾಯಿಗೆ ನಾಲ್ಕು

ಬೆಲೆ ಪೂರ್ತಿ ಚೀನೀ ಸಾಲಿನದು. ಆಯ್ಕೆಯ ಗೋಜಿಲ್ಲ, ಕಷ್ಟವಿರುವುದು ದೊಡ್ಡ ಮೊತ್ತ ಓದುವಲ್ಲಿ. ವೊನ್‌ನ ನೋಟುಗಳೇ ಸಾವಿರದಿಂದ ಶುರುವಾಗುತ್ತವೆ: 1,000, 5,000, 10,000, ಮತ್ತು 2009ರಲ್ಲಿ ಬಂದ 50,000. ಅಚ್ಚಿನಲ್ಲಿ ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ಬಾಯಿ ನಾಲ್ಕು ನಾಲ್ಕಕ್ಕೆ ತುಂಡು ಮಾಡುತ್ತದೆ. ಹತ್ತು ಸಾವಿರ 'ಮಾನ್', ಅದರ ಹತ್ತು ಸಾವಿರ ಪಟ್ಟು 'ಒಕ್'. ಆದ್ದರಿಂದ ಬಲದಿಂದ ನಾಲ್ಕು ಅಂಕಿ ಬಿಟ್ಟು ಒಂದು ಗೆರೆ ಎಳೆಯುವುದು ಕಲಿಯುವವರಿಗೆ ನಂಬಿಕೆಯ ಉಪಾಯ. 3,250,000 ಎಂಬುದು 325|0000 ಆಗುತ್ತದೆ. ಅಂದರೆ 'ಸಾಮ್ಬೆಕ್-ಇಶಿಬೋ ಮಾನ್'.

ಲಕ್ಷ, ಕೋಟಿಯಲ್ಲಿ ಯೋಚಿಸುವವರಿಗೆ ಹೊಂದಾಣಿಕೆ ಹೀಗಿದೆ: ಒಂದು ಲಕ್ಷಕ್ಕೆ 'ಶಿಪ್ ಮಾನ್', ಹತ್ತು ಲಕ್ಷಕ್ಕೆ 'ಬೆಕ್ ಮಾನ್', ಒಂದು ಕೋಟಿಗೆ 'ಛೊನ್ ಮಾನ್', ಹತ್ತು ಕೋಟಿಗೆ 'ಇಲ್ ಒಕ್'. 'ಸ್ಕ್ವಿಡ್ ಗೇಮ್' ಧಾರಾವಾಹಿಯ ಬಹುಮಾನ 456 ಒಕ್ ವೊನ್, ಅಂದರೆ 4,560 ಕೋಟಿ ವೊನ್. 456 ಆಟಗಾರರಲ್ಲಿ ತಲೆಗೆ ಒಂದು ಒಕ್‌ನಂತೆ. ಅದರ ನಾಯಕನ ನಂಬರೂ 456. ಬಟ್ಟೆಯ ಮೇಲೆ ಅಂಟಿಸಿದ ಗುರುತಾದ್ದರಿಂದ ಅದೂ ಚೀನೀ ಸಾಲಿನಲ್ಲೇ: 'ಸಾಬೆಕ್-ಓಶಿಮ್ನ್ಯುಕ್ ಬೊನ್'. ಶಿಪ್‌ನ ಪಕ್ಕಕ್ಕೆ ಯುಕ್ ಬಂದಾಗ ಎರಡೂ ಕರಗಿ 'ಶಿಮ್ನ್ಯುಕ್' ಆಗುತ್ತದೆ. ಅಂಕಿ ಗೊತ್ತಿದ್ದರೂ ಕೇಳಿಸಿಕೊಳ್ಳುವ ಪರೀಕ್ಷೆಯಲ್ಲಿ ಹದಿನಾರು, ಇಪ್ಪತ್ತಾರುಗಳು ಕೈತಪ್ಪುವುದು ಈ ಕಾರಣಕ್ಕೆ.

ಇನ್ನೊಂದು ಸಣ್ಣ ವಿಷಯ. ಸಾವಿರ ವೊನ್‌ಗೆ 'ಇಲ್ ಛೊನ್' ಎನ್ನುವುದಿಲ್ಲ, ಬರೀ 'ಛೊನ್ ವೊನ್'. ಹತ್ತು ಸಾವಿರಕ್ಕೂ ಬರೀ 'ಮಾನ್ ವೊನ್'. ಮಾತಿನಲ್ಲಿ ಮುಂದಿನ ಒಂದು ಬಿದ್ದುಹೋಗುತ್ತದೆ.

ಒಂದು ಊಟದ ಲೆಕ್ಕ

ಅಭ್ಯಾಸ ಪುಸ್ತಕಗಳಲ್ಲಿ ಬರುವಂಥ ಒಂದು ಪ್ರಸಂಗವನ್ನು ಬಿಡಿಸಿ ನೋಡಬಹುದು. ಸಂಜೆ 7:40ಕ್ಕೆ 3 ಗೆಳೆಯರು 2ನೇ ಮಹಡಿಯ ಹೋಟೆಲಿಗೆ ಹೋಗುತ್ತಾರೆ. ಸಾಮ್‌ಗ್ಯೊಪ್ಸಾಲ್ ಎಂಬ ಸುಟ್ಟ ಹಂದಿಮಾಂಸ 3 ಪಾಲು, ಸೋಜು 2 ಬಾಟಲಿ, ಅನ್ನ 3 ಬಟ್ಟಲು ತರಿಸುತ್ತಾರೆ. ಮಾಂಸ ಪಾಲಿಗೆ 16,000 ವೊನ್, ಸೋಜು 5,000, ಅನ್ನ 1,000. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ 24 ವರ್ಷ.

ಸಮಯ ಎರಡು ತುಂಡಾಗುತ್ತದೆ: ಗಂಟೆ ಸ್ವಂತ, ನಿಮಿಷ ಚೀನೀ. 'ಇಲ್ಗೋಪ್ ಶಿ ಸಾಶಿಪ್ ಬುನ್'. ಗೆಳೆಯರನ್ನು ಎಣಿಸುತ್ತಿದ್ದೇವೆ, 'ಸೆ ಮ್ಯೊಂಗ್'. ಮಹಡಿ ಎಣಿಕೆಯಂತೆ ಕಂಡರೂ ಕಟ್ಟಡಕ್ಕೆ ಅಂಟಿಸಿದ ನಂಬರು, 'ಇ ಛುಂಗ್'. ಮಾಂಸದ ಪಾಲಿನ ಹತ್ತಿರ ಹೆಚ್ಚಿನವರು ತಪ್ಪುತ್ತಾರೆ. ಮುಂದೆ ಮೂರು ತಟ್ಟೆ ಕಾಣುತ್ತಿರುವುದರಿಂದ ಬಾಯಿಗೆ 'ಸೆ' ಬರುತ್ತದೆ. ಆದರೆ ಪಾಲಿನ ಪದ 'ಇನ್ಬುನ್', ಇಂತಿಷ್ಟು ಜನಕ್ಕೆ ಸಾಕಾಗುವಷ್ಟು ಎಂಬ ಅಳತೆ. ಹಾಗಾಗಿ 'ಸಾಮ್ ಇನ್ಬುನ್'. ಬಾಟಲಿ ಮತ್ತು ಬಟ್ಟಲು ಮತ್ತೆ ಎಣಿಕೆಗೆ ಮರಳುತ್ತವೆ: 'ದು ಬ್ಯೊಂಗ್', 'ಸೆ ಗೋಂಗಿ'. ಒಂದೇ ಮೇಜಿನ ಮೇಲಿನ ಮೂರಕ್ಕೆ ಮಾಂಸದಲ್ಲಿ ಸಾಮ್, ಅನ್ನದಲ್ಲಿ ಸೆ.

ಬಿಲ್ಲು: ಮಾಂಸಕ್ಕೆ 48,000, ಸೋಜುಗೆ 10,000, ಅನ್ನಕ್ಕೆ 3,000, ಒಟ್ಟು 61,000. ನಾಲ್ಕು ಅಂಕಿಗೆ ಗೆರೆ ಎಳೆದರೆ 6|1000. ಆರು ಮಾನ್, ಒಂದು ಸಾವಿರ. ಒಂದು ಬಿದ್ದುಹೋಗಿ 'ಯುಕ್ಮಾನ್ ಛೊನ್ ವೊನ್'. ಅರವತ್ತೊಂದು ಸಾವಿರ ಎಂದು ಕನ್ನಡದಂತೆಯೇ ಕಟ್ಟಿ 'ಯುಕ್ಶಿಬಿಲ್ ಛೊನ್' ಎಂದರೆ ಗಲ್ಲಾದಲ್ಲಿ ಕೂತವರು ಒಂದು ಗಳಿಗೆ ತಡೆದು ನೋಡುತ್ತಾರೆ. ಚಿಕ್ಕವನ ವಯಸ್ಸು 'ಸುಮುಲ್-ನೆ ಸಾಲ್'.

ಓದುಗರು ತಾವೇ ಕೈಯಾಡಿಸಿ ನೋಡಲು ಇನ್ನೊಂದು: ಸಂಜೆ 4:20, 3ನೇ ಮಹಡಿ, 2 ಪುಸ್ತಕ, ಬೆಲೆ 28,000 ವೊನ್, ಕೊಂಡವಳ ವಯಸ್ಸು 31. ಕೆಳಗಿನ ಸಾಲನ್ನು ಮುಚ್ಚಿಕೊಂಡು ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಹೋಲಿಸಿ.

ನೆ ಶಿ ಇಶಿಪ್ ಬುನ್, ಸಾಮ್ ಛುಂಗ್, ದು ಗ್ವೊನ್, ಇಮಾನ್ ಫಾಲ್ಛೊನ್ ವೊನ್, ಸೊರುನ್-ಹಾನ್ ಸಾಲ್.